ಒಂದೇ ಸಲಕ್ಕೆ ಹೇಗೆ ಹೋದ?

ಪತ್ರ: "ಮಾನ್ಯ ಸಂಪಾದಕರೇ, ನಾನು ಹೈಸ್ಕೂಲ್ ಮೇಷ್ಟ್ರು. ಹೋದ ತಿಂಗಳು ಒಂದು ಸಂಜೆ ಶಾಲೆ ಹಿಂದಿನ ಕಾಂಪೌಂಡ್ ಹತ್ತಿರ ಒಂಬತ್ತನೇ ಕ್ಲಾಸಿನ ಮೂವರು ಹುಡುಗರು ಮೂಗಿಗೆ ಕರ್ಚೀಫ್ ಹಿಡಿದು ಕೂತಿದ್ದರು. ಪೇಂಟ್ ಕೆಲಸಕ್ಕೆ ತಂದಿಟ್ಟಿದ್ದ ಥಿನ್ನರ್. 'ಏಯ್, ಏನ್ರೋ ಅದು?' ಎಂದು ಗದರಿದೆ. ಮೂವರೂ ಎದ್ದು ಓಡಿದರು. ಒಬ್ಬ ಐವತ್ತು ಹೆಜ್ಜೆ ಓಡುವಷ್ಟರಲ್ಲಿ ಮುಗ್ಗರಿಸಿದವನಂತೆ ಬಿದ್ದ. ಮತ್ತೆ ಏಳಲಿಲ್ಲ. ಅವನಿಗೆ ಅವತ್ತೇ ಮೊದಲು ಎಂದು ಉಳಿದಿಬ್ಬರೂ ಹೇಳುತ್ತಾರೆ. ಪೋಸ್ಟ್‌ಮಾರ್ಟಂನಲ್ಲಿ ಹೃದಯದಲ್ಲಿ ಏನೂ ದೋಷ ಕಾಣಲಿಲ್ಲವಂತೆ. 'ನನ್ನ ಮಗ ಚಟಕ್ಕೆ ಬಿದ್ದಿದ್ದನಾ ಸಾರ್?' ಎಂದು ಅವನ ತಾಯಿ ಕೇಳುತ್ತಾರೆ. ಒಂದೇ ಸಲಕ್ಕೆ ಹೀಗಾಗುತ್ತಾ? ನಾನು ಗದರಿದ್ದೇ ಕಾರಣವಾ? ಇನ್ನೊಂದು ವಿಷಯ. ಬೆಂಗಳೂರಿನಲ್ಲಿರುವ ನನ್ನ ತಂಗಿ ಮಗ ಪಾರ್ಟಿಗಳಲ್ಲಿ 'ಪಾಪರ್ಸ್' ಅನ್ನೋ ಪುಟ್ಟ ಬಾಟಲಿ ಮೂಸುತ್ತಾನೆ. 'ಅದು ಥಿನ್ನರ್ ಥರ ಅಲ್ಲ ಮಾವ, ಹೃದಯದ ಔಷಧಿ' ಅನ್ನುತ್ತಾನೆ. ಹೌದಾ?" — ಹೆಸರು ಬೇಡ, ಹಾಸನ ಜಿಲ್ಲೆ

ಮೇಷ್ಟ್ರೇ,

ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಸಮಾಧಾನಕ್ಕೆ ಅಂತ ಸುಳ್ಳು ಬರೆದರೆ ನೀವು ನಂಬುವುದಿಲ್ಲ. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ. ಹೆದರಿಕೆಗೂ ಆ ಓಟಕ್ಕೂ ಈ ಸಾವಿನಲ್ಲಿ ಪಾಲಿದೆ. ಆದರೆ ಥಿನ್ನರ್ ಒಳಗೆ ಹೋಗದ ಹುಡುಗನನ್ನು ನೀವು ಅದರ ಹತ್ತರಷ್ಟು ಜೋರಾಗಿ ಗದರಿದ್ದರೂ ಅವನು ಸಾಯುತ್ತಿರಲಿಲ್ಲ. ನಿಮ್ಮ ಜಾಗದಲ್ಲಿ ಯಾವ ಮೇಷ್ಟ್ರಿದ್ದರೂ ಗದರುತ್ತಿದ್ದರು. ನೀವು ಬರದೇ ಇದ್ದು ಒಂದು ನಾಯಿ ಬೊಗಳುತ್ತಾ ಮೈಮೇಲೆ ಬಂದಿದ್ದರೂ, ಗೆಳೆಯರೇ ತಮಾಷೆಗೆ ಅಟ್ಟಿಸಿಕೊಂಡು ಹೋಗಿದ್ದರೂ, ಕಾಂಪೌಂಡ್ ಹತ್ತಿ ಹಾರಿದ್ದರೂ ಇದೇ ಆಗಬಹುದಿತ್ತು. ಹೀಗೇಕೆ ಎಂದು ತಿಳಿಯಬೇಕಾದರೆ ಥಿನ್ನರ್ ಮೂಗಿನಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು.

ಥಿನ್ನರ್ ಅಂದರೆ ಒಂದೇ ವಸ್ತುವಲ್ಲ. ಹಲವು ದ್ರಾವಕಗಳ ಬೆರಕೆ. ಬಹಳಷ್ಟು ಥಿನ್ನರ್‌ಗಳಲ್ಲಿ ದೊಡ್ಡ ಪಾಲು ಟಾಲುವೀನ್‌ದು. ಪಂಕ್ಚರ್ ಅಂಗಡಿಯ ಸೊಲ್ಯೂಷನ್‌ನಲ್ಲಿ, ಅಂಟಿನಲ್ಲಿ ಇರುವುದೂ ಇದರ ಬಳಗದವೇ. ಇವುಗಳ ಸ್ವಭಾವವನ್ನು ನಾವು ದಿನಾ ನೋಡುತ್ತೇವೆ. ಕೈಗೆ ಮೆತ್ತಿದ ಎಣ್ಣೆ ಪೇಂಟ್ ನೀರಿಗೆ ಹೋಗುವುದಿಲ್ಲ, ಥಿನ್ನರ್ ಹಚ್ಚಿದರೆ ತಕ್ಷಣ ಬಿಡುತ್ತದೆ. ಜಿಡ್ಡು ಎಲ್ಲಿದೆಯೋ ಅಲ್ಲಿಗೆ ಥಿನ್ನರ್ ನುಗ್ಗುತ್ತದೆ. ನಮ್ಮ ಮೈಯಲ್ಲಿ ಮಿದುಳಿನಷ್ಟು ಕೊಬ್ಬಿನಂಶ ತುಂಬಿದ ಅಂಗಗಳು ಕಡಿಮೆ. ಪ್ರತಿಯೊಂದು ಜೀವಕೋಶದ ಹೊದಿಕೆಯೂ ಕೊಬ್ಬಿನದೇ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದ ಆವಿ ರಕ್ತಕ್ಕೆ ಸೇರಿ, ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಹೊಟ್ಟೆಗೆ ಹೋದ ವಿಷವನ್ನು ಲಿವರ್ ಒಂದಿಷ್ಟಾದರೂ ತಡೆಯುತ್ತದೆ. ಈ ದಾರಿಯಲ್ಲಿ ಕಾವಲು ಕಾಯುವವರು ಯಾರೂ ಇಲ್ಲ.

ಮಿದುಳಿನಲ್ಲಿ ಅದು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ನರಗಳನ್ನು ಸುಮ್ಮನಿರಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಜಾಸ್ತಿ ಮಾಡುತ್ತದೆ. ನರಗಳನ್ನು ಎಚ್ಚರವಾಗಿಡುವ ಗ್ಲುಟಮೇಟ್‌ನ ಒಂದು ಮುಖ್ಯ ಬಾಗಿಲನ್ನು ಮುಚ್ಚುತ್ತದೆ. ಬ್ರೇಕ್ ಒತ್ತಿ ಹಿಡಿದು, ಆಕ್ಸಿಲರೇಟರ್ ವೈರನ್ನೂ ಕಿತ್ತ ಹಾಗೆ. ಮಾತು ತೊದಲುತ್ತದೆ, ಕಾಲು ತೇಲಿದಂತಾಗುತ್ತದೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಅದೇ ಹೊತ್ತಿಗೆ ಖುಷಿಯ ದಾರಿಯಲ್ಲಿ ಡೋಪಮಿನ್ ಏರುತ್ತದೆ. ಅದಕ್ಕೇ ಮಕ್ಕಳು ನಗುತ್ತಾರೆ. ಈ ಅಮಲು ಕೆಲವು ನಿಮಿಷಗಳದ್ದು. ಇಳಿಯುತ್ತಿದ್ದಂತೆ ಮತ್ತೆ ಮೂಸಬೇಕು ಅನಿಸುತ್ತದೆ.

ತಿಂಗಳು, ವರ್ಷಗಟ್ಟಲೆ ಮೂಸುವವರ ಮಿದುಳಿಗೆ ಆಗುವ ಹಾನಿ ಬೇರೆ ಬಗೆಯದು. ನರತಂತುಗಳಿಗೆ ವೈರಿನ ಪ್ಲಾಸ್ಟಿಕ್ ಸುತ್ತಿದಂತೆ ಒಂದು ಕೊಬ್ಬಿನ ಹೊದಿಕೆ ಇರುತ್ತದೆ. ಟಾಲುವೀನ್ ಅದನ್ನು ಹಾಳು ಮಾಡುತ್ತಾ ಬರುತ್ತದೆ. ಎಂಆರ್‌ಐ ತೆಗೆದರೆ ಮಿದುಳಿನ ಬಿಳಿ ಭಾಗದಲ್ಲಿ ಅದರ ಗುರುತು ಕಾಣುತ್ತದೆ. ನೆನಪು ಮಂಕಾಗುತ್ತದೆ, ಕೈ ನಡುಗುತ್ತದೆ, ನಡಿಗೆ ಓಲಾಡುತ್ತದೆ. ಇದು ನಿಧಾನದ ಲೆಕ್ಕ, ನಿಮ್ಮ ಹುಡುಗನಿಗೆ ಸಂಬಂಧಪಟ್ಟದ್ದಲ್ಲ. ಹಾಗಾಗಿ ಇಲ್ಲಿಗೇ ಬಿಡುತ್ತೇನೆ. ಅವನ ಸಾವು ಮಿದುಳಿನಿಂದ ಬಂದಂತೆ ಕಾಣುವುದಿಲ್ಲ. ನೀವು ಬರೆದದ್ದೆಲ್ಲ ಹೃದಯದ ಕಡೆಗೇ ಬೆರಳು ತೋರಿಸುತ್ತದೆ.

ಹೃದಯದ ಪ್ರತಿ ಬಡಿತವೂ ಒಂದು ಸಣ್ಣ ವಿದ್ಯುತ್ ಅಲೆ. ಮೇಲಿನ ಒಂದು ಮೂಲೆಯಲ್ಲಿ ಹುಟ್ಟಿ, ಗೊತ್ತಾದ ದಾರಿಯಲ್ಲಿ ಕೆಳಗಿಳಿಯುತ್ತದೆ. ಕೋಶಗಳ ಹೊದಿಕೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಓಡಾಡುವ ಕಿಂಡಿಗಳಿವೆ. ಅವು ತೆರೆದು ಮುಚ್ಚುವುದರಿಂದಲೇ ಅಲೆ ಸಾಗುವುದು. ಒಂದು ಅಲೆ ಹೋದ ಮೇಲೆ ಕೋಶಗಳು ಕ್ಷಣಕಾಲ ಸುಧಾರಿಸಿಕೊಂಡು ಮುಂದಿನದಕ್ಕೆ ಸಿದ್ಧವಾಗುತ್ತವೆ. ದ್ರಾವಕದ ಆವಿ ಈ ಕೊಬ್ಬಿನ ಹೊದಿಕೆಯಲ್ಲೂ ಸೇರಿಕೊಂಡು ಕಿಂಡಿಗಳ ಕೆಲಸ ಕೆಡಿಸುತ್ತದೆ. ಅಲೆ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಹೋಗುತ್ತದೆ. ಕೆಲವು ಕೋಶಗಳು ಸಿದ್ಧವಾಗಿದ್ದರೆ ಪಕ್ಕದವು ಇನ್ನೂ ಸುಧಾರಿಸಿಕೊಳ್ಳುತ್ತಿರುತ್ತವೆ. ಇಷ್ಟರಿಂದಲೇ ಸಾವು ಬರಬೇಕೆಂದಿಲ್ಲ. ಸುಮ್ನೆ ಕೂತಿದ್ದರೆ ಎಷ್ಟೋ ಸಲ ಹೃದಯ ಹೇಗೋ ಸಾಗಿಸಿಕೊಂಡು ಹೋಗುತ್ತದೆ. ಆದರೆ ಅದು ಒಣಗಿದ ಹುಲ್ಲಿನ ಬಣವೆಯಂತೆ ಆಗಿರುತ್ತದೆ.

ಆ ಬಣವೆಗೆ ಬೀಳುವ ಕಿಡಿಯ ಹೆಸರು ಅಡ್ರಿನಲಿನ್. ಬೆಚ್ಚಿಬಿದ್ದಾಗ, ಸಿಕ್ಕಿಬಿದ್ದೆ ಅನಿಸಿದಾಗ, ಪ್ರಾಣಭಯದಿಂದ ಓಡುವಾಗ ಅದು ರಕ್ತಕ್ಕೆ ಧುಮುಕುತ್ತದೆ. ಹೃದಯದ ಕೋಶಗಳಿಗೆ 'ಬೇಗ, ಬೇಗ' ಎನ್ನುತ್ತದೆ. ಒಳ್ಳೆಯ ಹೃದಯಕ್ಕೆ ಇದು ಏನೂ ಅಲ್ಲ, ಸುಮ್ನೆ ಬಡಿತ ಏರುತ್ತದೆ. ದ್ರಾವಕ ಸೇರಿದ ಹೃದಯದಲ್ಲಿ ಮಾತ್ರ ಸರದಿ ತಪ್ಪುತ್ತದೆ. ಅಲ್ಲೊಂದು ಇಲ್ಲೊಂದು ಕೋಶ ತನ್ನಷ್ಟಕ್ಕೆ ಮಿಡಿಯುತ್ತದೆ. ಅಲೆ ಬಂದ ದಾರಿಗೇ ಸುತ್ತಿಕೊಂಡು ಬರುತ್ತದೆ. ಒಂದಾಗಿ ಹಿಂಡಬೇಕಾದ ಸ್ನಾಯು ಸಾವಿರ ತುಂಡಾದಂತೆ ಅದುರುತ್ತಾ ನಿಲ್ಲುತ್ತದೆ. ಆಗ ರಕ್ತ ಮುಂದಕ್ಕೆ ಹೋಗುವುದಿಲ್ಲ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಓಡುತ್ತಿರುವ ಹುಡುಗ ಆ ಹೊತ್ತಿನಲ್ಲಿ ಎಷ್ಟು ದೂರ ಹೋಗಬಲ್ಲ, ಅಲ್ವಾ? ನೀವು ಹೇಳಿದ ಐವತ್ತು ಹೆಜ್ಜೆ ಅದಕ್ಕೆ ಸರಿಹೊಂದುತ್ತದೆ. ಅವನು ಕಲ್ಲು ಎಡವಿ ಬಿದ್ದಿರಲಾರ. ಬೀಳುವಾಗಲೇ ಹೃದಯ ನಿಂತಿತ್ತು ಎಂದು ಕಾಣುತ್ತದೆ.

ಈ ವಿಷಯ ಗೊತ್ತಾಗಲು ವೈದ್ಯರಿಗೇ ಅರವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ವಿನ್ಲಟನ್ ಎಂಬಲ್ಲಿ ಹನ್ನಾ ಗ್ರೀನರ್ ಎಂಬ ಹುಡುಗಿಯ ಕಾಲ್ಬೆರಳಿನ ಉಗುರು ತೆಗೆಯಬೇಕಿತ್ತು. ವಯಸ್ಸು ಹದಿನೈದು, ನಿಮ್ಮ ಹುಡುಗನ ಓರಗೆಯವಳು. ಕ್ಲೋರೋಫಾರ್ಮ್ ಬಳಕೆಗೆ ಬಂದು ಆಗ ಮೂರು ತಿಂಗಳೂ ಆಗಿರಲಿಲ್ಲ. ಅದೂ ಒಂದು ದ್ರಾವಕವೇ. ಹುಡುಗಿ ಹೆದರಿ ಅಳುತ್ತಿದ್ದಳು. ಬಟ್ಟೆಗೆ ಹಾಕಿ ಮೂಗಿನ ಹತ್ತಿರ ಹಿಡಿದರು. ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಅವಳ ಸಾವಿನ ಕಾರಣದ ಬಗ್ಗೆ ವಾದ ಇಂದಿಗೂ ಇದೆ. ಆದರೆ ಅಲ್ಲಿಂದ ಮುಂದೆ ಇಂಥವೇ ಸಾವುಗಳು ಬರುತ್ತಲೇ ಹೋದವು. ಸಣ್ಣ ಆಪರೇಷನ್, ಆರೋಗ್ಯವಾಗಿರುವ ರೋಗಿ, ಶುರುವಿನಲ್ಲೇ ಸಾವು.

ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಜಗಳ ನಮ್ಮ ಪಕ್ಕದ ಹೈದರಾಬಾದ್‌ವರೆಗೂ ಬಂತು. ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ, ಹೃದಯಕ್ಕೆ ಏನೂ ಆಗುವುದಿಲ್ಲ, ಉಸಿರನ್ನು ನೋಡಿಕೊಂಡರೆ ಸಾಕು ಎನ್ನುತ್ತಿದ್ದರು. ನಿಜಾಮರ ಹಣದಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ವೈದ್ಯ ಬಂದಿದ್ದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಲಾರಿ ಹೇಳಿದ್ದೇ ಸರಿ ಎಂದು ತೀರ್ಮಾನಿಸಿದರು. ಅದು ತಪ್ಪಾಗಿತ್ತು. 1911ರ ಸುಮಾರಿಗೆ ಇಂಗ್ಲೆಂಡಿನ ಎ. ಜಿ. ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ ನಿಜ ಹೊರಗೆಡವಿದರು. ಕ್ಲೋರೋಫಾರ್ಮ್ ಸ್ವಲ್ಪವೇ ಹೋಗಿ ಅಮಲು ಮೇಲುಮೇಲೆ ಇರುವಾಗ ಅಡ್ರಿನಲಿನ್ ಸೇರಿದರೆ ಹೃದಯ ಅದುರಿ ನಿಲ್ಲುತ್ತಿತ್ತು. ಪೂರ್ತಿ ಅಮಲೇರಿ ಪ್ರಜ್ಞೆ ತಪ್ಪಿದ ಪ್ರಾಣಿಗಳಲ್ಲಿ ಹಾಗಾಗುವುದು ಕಡಿಮೆ. ನನಗೆ ಇಡೀ ಕಥೆಯಲ್ಲಿ ಎದೆಗೆ ನಾಟಿದ್ದು ಇದೇ. 'ಸ್ವಲ್ಪವೇ ತಾನೇ, ಏನೂ ಆಗಲ್ಲ' ಎಂದು ನಾವು ಅಂದುಕೊಳ್ಳುವ ಹಂತದಲ್ಲೇ ಈ ಅಪಾಯ ಕೂತಿರುತ್ತದೆ.

1970ರಲ್ಲಿ ಅಮೆರಿಕದ ಮಿಲ್ಲರ್ಡ್ ಬ್ಯಾಸ್ ಎಂಬ ವೈದ್ಯ ಅಲ್ಲಿನ ಹುಡುಗ ಹುಡುಗಿಯರ ಇಂಥ 110 ಸಾವುಗಳನ್ನು ಒಟ್ಟುಗೂಡಿಸಿ ನೋಡಿದರು. ಅವು ಉಸಿರುಕಟ್ಟಿ ಸತ್ತ ಪ್ರಕರಣಗಳಲ್ಲ. ಎಷ್ಟೋ ಮಕ್ಕಳು ಮೂಸಿದ ಮೇಲೆ ಓಡಿದ್ದರು, ಇಲ್ಲವೇ ಏನೋ ಒತ್ತಡಕ್ಕೆ ಸಿಕ್ಕಿದ್ದರು. ಪೋಸ್ಟ್‌ಮಾರ್ಟಂನಲ್ಲಿ ಸಾವನ್ನು ವಿವರಿಸುವಂಥದ್ದು ಏನೂ ಸಿಗಲಿಲ್ಲ. ಸ್ಪ್ರೇ ಡಬ್ಬಿಗಳ ಅನಿಲ ಮತ್ತು ಕ್ಲೋರಿನ್ ಇರುವ ದ್ರಾವಕಗಳು ಅದರಲ್ಲಿ ಹೆಚ್ಚು. ಈಗಿನ ಕಾಲದಲ್ಲಿ ಲೈಟರ್ ಗ್ಯಾಸ್, ಬಾಡಿ ಸ್ಪ್ರೇಗಳಲ್ಲಿರುವ ಬ್ಯುಟೇನ್ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಎನ್ನುತ್ತಾರೆ. ಟಾಲುವೀನ್ ಅದಕ್ಕಿಂತ ಸ್ವಲ್ಪ ಹಿಂದೆ ಇರಬಹುದು, ಆದರೆ ಆ ಪಟ್ಟಿಯಿಂದ ಹೊರಗಿಲ್ಲ.

ಈಗ ಆ ತಾಯಿಯ ಪ್ರಶ್ನೆ. ಪೋಸ್ಟ್‌ಮಾರ್ಟಂನಲ್ಲಿ ಹೃದಯ ಚೆನ್ನಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಟ್ಟದ್ದು ಹೃದಯದ ತಾಳ. ತಾಳ ನಿಂತ ಮೇಲೆ ಅದರ ಗುರುತು ಮಾಂಸದಲ್ಲಿ ಉಳಿಯುವುದಿಲ್ಲ. ರಕ್ತದಲ್ಲಿ ದ್ರಾವಕ ಸಿಗಬೇಕೆಂದರೂ ಮಾದರಿಯನ್ನು ಗಾಳಿಯಾಡದ ಬಾಟಲಿಯಲ್ಲಿ, ತಂಪಿನಲ್ಲಿ ಇಟ್ಟಿರಬೇಕು. ಮುಚ್ಚಳ ಸಡಿಲವಿದ್ದರೆ ಅದು ಬಾಟಲಿಯಿಂದಲೇ ಆರಿಹೋಗುತ್ತದೆ. ಬಹಳ ದಿನ ಮೂಸಿದವರಲ್ಲಿ ಬಾಯಿ ಮೂಗಿನ ಸುತ್ತ ಚರ್ಮ ಒಣಗಿ ಕೆಂಪಾಗಿರುತ್ತದೆ, ಬಟ್ಟೆಯಲ್ಲಿ ಪೇಂಟ್ ಕಲೆ, ವಾಸನೆ ಇರುತ್ತದೆ, ತೂಕ ಇಳಿದಿರುತ್ತದೆ, ಓದು ಕುಸಿದಿರುತ್ತದೆ. ಅವನನ್ನು ದಿನಾ ಕ್ಲಾಸಿನಲ್ಲಿ ನೋಡುತ್ತಿದ್ದವರು ನೀವು. ಇಂಥದ್ದೇನೂ ಕಂಡಿರದಿದ್ದರೆ, ಗೆಳೆಯರು ಹೇಳಿದ 'ಮೊದಲ ಸಲ' ಎಂಬ ಮಾತನ್ನು ನಂಬಿ. ಈ ಸಾವಿಗೆ ಚಟ ಬೇಕಿಲ್ಲ. ಮೊದಲ ಸಲ, ಹತ್ತನೇ ಸಲ, ನೂರನೇ ಸಲ ಎಲ್ಲಕ್ಕೂ ಅಪಾಯ ಒಂದೇ ಬಗೆಯದು. ನಿಮ್ಮ ಮಗ ಚಟಗಾರ ಅಲ್ಲಮ್ಮ ಎಂದು ಅವರಿಗೆ ಧೈರ್ಯವಾಗಿ ಹೇಳಿ. ಮೂವರೂ ಓಡಿದರು, ಇಬ್ಬರು ಉಳಿದರು. ಅವರು ಗಟ್ಟಿಮುಟ್ಟಾಗಿದ್ದರು ಅಂತಲ್ಲ. ಯಾರು ಎಷ್ಟು ಎಳೆದಿದ್ದರು, ಓಡುವ ಕ್ಷಣದಲ್ಲಿ ಯಾರ ಹೃದಯದಲ್ಲಿ ಎಷ್ಟಿತ್ತು ಎಂಬುದನ್ನು ಯಾರೂ ಮೊದಲೇ ಹೇಳಲಾರರು.

ನಿಮ್ಮ ತಂಗಿ ಮಗನ ವಿಷಯಕ್ಕೆ ಬರೋಣ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಆ ಬಾಟಲಿಯಲ್ಲಿರುವುದು ನೈಟ್ರೈಟ್. 1867ರಲ್ಲಿ ಎದೆನೋವಿಗೆ ಅಮೈಲ್ ನೈಟ್ರೈಟ್ ಮೂಸಿಸಿ ನೋವು ಇಳಿಸಿದವರು ಇದೇ ಲಾಡರ್ ಬ್ರಂಟನ್, ಆಮೇಲೆ ಹೈದರಾಬಾದಿಗೆ ಬಂದವರು. ಅದು ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಮುಂದೆ ಅದು ಗಾಜಿನ ಪುಟ್ಟ ಕೊಳವೆಯಲ್ಲಿ ಬರುತ್ತಿತ್ತು. ಒಡೆದಾಗ 'ಪಾಪ್' ಎನ್ನುವುದರಿಂದ ಪಾಪರ್ಸ್ ಎಂಬ ಹೆಸರು. ಈಗ ಎದೆನೋವಿಗೆ ಅದಕ್ಕಿಂತ ಒಳ್ಳೆಯ ಔಷಧಿಗಳಿವೆ. ಪಾರ್ಟಿಯಲ್ಲಿ ಸಿಗುವ ಬಾಟಲಿಯಲ್ಲಿರುವುದು ಹೆಚ್ಚಾಗಿ ಅದರ ಸೋದರ ನೈಟ್ರೈಟ್‌ಗಳು, ಔಷಧಿ ಅಂಗಡಿಯ ಸರಕಲ್ಲ.

ಇದು ಥಿನ್ನರ್‌ನಂತೆ ನೇರವಾಗಿ ನರಕೋಶಗಳ ಮೇಲೆ ಕೆಲಸ ಮಾಡುವುದಿಲ್ಲ. ಮೈಯ ರಕ್ತನಾಳಗಳೆಲ್ಲ ಒಮ್ಮೆಲೇ ಹಿಗ್ಗುತ್ತವೆ. ಮುಖ ಬಿಸಿಯಾಗಿ ಕೆಂಪಾಗುತ್ತದೆ, ತಲೆ ಗಿರ್ರೆನ್ನುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಅದನ್ನು ಸರಿದೂಗಿಸಲು ಹೃದಯ ಡಬಡಬ ಓಡುತ್ತದೆ. ಒಂದೆರಡು ನಿಮಿಷ, ಆಮೇಲೆ ತಲೆನೋವು. ಥಿನ್ನರ್‌ಗೆ ಹೋಲಿಸಿದರೆ ಹಠಾತ್ ಸಾವು ಇದರಲ್ಲಿ ಅಪರೂಪ. ಆದರೆ ಎರಡು ದಾರಿಗಳಲ್ಲಿ ಅದೂ ಬರುತ್ತದೆ.

ಒಂದು, ವಯಾಗ್ರಾದಂಥ ಮಾತ್ರೆಯ ಜೊತೆ. ಆ ಮಾತ್ರೆಯೂ ರಕ್ತನಾಳ ಸಡಿಲ ಮಾಡುವುದೇ, ಅದೂ ಗಂಟೆಗಟ್ಟಲೆ. ಎರಡೂ ಸೇರಿದರೆ ಒತ್ತಡ ಮೇಲೇಳಲಾರದಷ್ಟು ಕುಸಿಯುತ್ತದೆ. ಮಿದುಳಿಗೂ ಹೃದಯಕ್ಕೂ ರಕ್ತ ಸಾಲುವುದಿಲ್ಲ. ಪಾರ್ಟಿಗಳಲ್ಲಿ ಇವೆರಡೂ ಒಂದೇ ಜೇಬಿನಲ್ಲಿ ಇರುವುದು ಅಪರೂಪವೇನಲ್ಲ.

ಇನ್ನೊಂದು, ರಕ್ತವೇ ಕೆಡುವುದು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ನೈಟ್ರೈಟ್ ಆ ಕಬ್ಬಿಣದ ಸ್ವರೂಪವನ್ನೇ ಬದಲಿಸಿ, ಆಮ್ಲಜನಕ ಹಿಡಿಯಲು ಬಾರದಂತೆ ಮಾಡುತ್ತದೆ. ಇದಕ್ಕೆ ಮೆಥಿಮೋಗ್ಲೋಬಿನ್ ಎನ್ನುತ್ತಾರೆ. ಎಲ್ಲರ ರಕ್ತದಲ್ಲೂ ನೂರಕ್ಕೆ ಒಂದರಷ್ಟು ಇದ್ದೇ ಇರುತ್ತದೆ, ಮೈ ಅದನ್ನು ರಿಪೇರಿ ಮಾಡುತ್ತಿರುತ್ತದೆ. ನೂರಕ್ಕೆ ಹತ್ತು ಹದಿನೈದು ದಾಟಿದರೆ ತುಟಿ, ಉಗುರು ನೀಲಿ. ಐವತ್ತು ದಾಟಿದರೆ ಪ್ರಜ್ಞೆ ತಪ್ಪಬಹುದು. ಎಪ್ಪತ್ತರ ಹತ್ತಿರ ಬಂದರೆ ಸಾವು. ಬಾಟಲಿಯನ್ನು ಯಾರೋ ಗೊತ್ತಿಲ್ಲದೆ ಕುಡಿದುಬಿಟ್ಟರೆ ಇದು ಬಲು ಬೇಗ ಏರುತ್ತದೆ. ಇಂಥ ರೋಗಿಯ ರಕ್ತ ಸಿರಿಂಜಿನಲ್ಲಿ ಚಾಕೊಲೇಟ್ ಬಣ್ಣದ್ದಾಗಿರುತ್ತದೆ, ಗಾಳಿಗೆ ಹಿಡಿದರೂ ಕೆಂಪಾಗುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ 85ರ ಸುತ್ತ ನಿಂತುಬಿಡುತ್ತದೆ, ಎಷ್ಟು ಆಮ್ಲಜನಕ ಕೊಟ್ಟರೂ ಏರುವುದಿಲ್ಲ. ಮೆಥಿಲೀನ್ ಬ್ಲೂ ಎಂಬ ನೀಲಿ ಇಂಜೆಕ್ಷನ್ ಇದಕ್ಕೆ ಮದ್ದು. ಆದರೆ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಆ ಮದ್ದೇ ಕೆಡುಕು, ಅವರ ರಕ್ತಕಣಗಳು ಒಡೆಯುತ್ತವೆ. ನಮ್ಮ ದೇಶದಲ್ಲಿ ಅಂಥವರು ಸಾಕಷ್ಟು ಜನ ಇದ್ದಾರೆ, ಬಹಳ ಮಂದಿಗೆ ತಮಗೆ ಹಾಗಿದೆ ಎಂದೇ ಗೊತ್ತಿರುವುದಿಲ್ಲ. ಹಾಗಾಗಿ ತಂಗಿ ಮಗನಿಗೆ ಹೇಳಿ: ಯಾರಾದರೂ ನೀಲಿಯಾಗಿ ಕುಸಿದರೆ, ನಾಚಿಕೆ ಬಿಟ್ಟು 'ಪಾಪರ್ಸ್' ಎಂಬ ಪದವನ್ನು ಡಾಕ್ಟರ್ ಮುಂದೆ ಬಾಯಿಬಿಟ್ಟು ಹೇಳಬೇಕು. ಅದೊಂದು ಪದ ಸಿಕ್ಕರೆ ಅವರು ಏನನ್ನು ಹುಡುಕಬೇಕೋ ಅದನ್ನೇ ಹುಡುಕುತ್ತಾರೆ.

ಇನ್ನು ನಿಮ್ಮ ಶಾಲೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾದಕ ವಸ್ತುಗಳ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಜಾಸ್ತಿ ಎಂದು ಕಂಡದ್ದು ಈ ಮೂಸುವ ವಸ್ತುಗಳಲ್ಲಿ ಮಾತ್ರ. ಹತ್ತರಿಂದ ಹದಿನೇಳು ವಯಸ್ಸಿನವರಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಬಾಟಲಿಯಲ್ಲಿ ವೈಟ್ನರ್ ಮಾರುವುದನ್ನು 2012ರಲ್ಲೇ ನಿಲ್ಲಿಸಿದರು, ಒಳ್ಳೆಯದೇ ಆಯಿತು. ಪೇಂಟ್ ಅಂಗಡಿಯ ಥಿನ್ನರ್ ಕ್ಯಾನ್ ಮಾತ್ರ ಹಾಗೇ ಇದೆ. ಆ ಕ್ಯಾನನ್ನು ಬೀಗದೊಳಗೆ ಇಡುವಂತೆ ಪೇಂಟಿಂಗ್ ಕೆಲಸದವರಿಗೆ ಹೇಳುವ ಕೆಲಸ ನಾಳೆಯೇ ಆಗಲಿ.

ಮತ್ತೆ ಯಾರಾದರೂ ಮಕ್ಕಳು ಹಾಗೆ ಕೂತದ್ದು ಕಂಡರೆ, ದೂರದಿಂದ ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಇದನ್ನು ಎಲ್ಲ ಮೇಷ್ಟ್ರಿಗೂ, ವಾಚ್‌ಮ್ಯಾನ್‌ಗೂ, ಬೀಟ್ ಪೊಲೀಸರಿಗೂ ಹೇಳಬೇಕು. ಮಾಮೂಲಿ ನಡಿಗೆಯಲ್ಲಿ ಹತ್ತಿರ ಹೋಗಿ, ಮೆಲ್ಲಗೆ ಮಾತಾಡಿಸಿ. 'ಯಾರೂ ಓಡಬೇಡಿ, ನಾನು ಹೊಡೆಯಲ್ಲ, ಇಲ್ಲೇ ಗಾಳಿಗೆ ಕೂತ್ಕೊಳ್ಳಿ' ಎಂದರೆ ಸಾಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಬರದಿರಲಿ, ಆವಿ ಭಗ್ಗನೆ ಹತ್ತಿಕೊಳ್ಳುತ್ತದೆ. ಅಮಲು ಇಳಿದಂತೆ ಕಂಡರೂ ಒಂದಿಷ್ಟು ಹೊತ್ತು ಅವರನ್ನು ಕೂರಿಸಿಕೊಂಡೇ ಇರಿ, ಒಬ್ಬರನ್ನೂ ಸೈಕಲ್ ಹತ್ತಿಸಿ ಮನೆಗೆ ಕಳಿಸಬೇಡಿ. ಬೈಗುಳ, ಮನೆಯವರಿಗೆ ಹೇಳುವುದು ಎಲ್ಲ ಮಾರನೇ ದಿನಕ್ಕಿರಲಿ.

ಯಾರಾದರೂ ಮಂಪರಿನಲ್ಲಿದ್ದು ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಇಳಿಯಬಾರದು. ಬಿದ್ದವನು ಅಲುಗಾಡಿಸಿದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಚಿಮುಕಿಸುತ್ತಾ ನಿಲ್ಲಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುಭಾಗದಲ್ಲಿ ಎರಡೂ ಅಂಗೈ ಇಟ್ಟು, ಐದು ಸೆಂಟಿಮೀಟರ್ ಕುಗ್ಗುವಷ್ಟು ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಲಿ. ಶಾಕ್ ಕೊಡುವ ಯಂತ್ರ ಬರುವವರೆಗೂ ಮಿದುಳಿಗೆ ರಕ್ತ ತಲುಪಿಸುವುದು ಆ ಕೈಗಳೇ. ಬಂದವರಿಗೆ 'ಥಿನ್ನರ್ ಮೂಸಿದ್ದ' ಎಂದು ಮೊದಲೇ ಹೇಳಿ. ಹೃದಯ ನಿಂತವರಿಗೆ ಸಾಮಾನ್ಯವಾಗಿ ಕೊಡುವುದು ಅಡ್ರಿನಲಿನ್. ಇಲ್ಲಿ ಬಣವೆಗೆ ಕಿಡಿ ಹಾಕಿದ್ದೂ ಅದೇ ಆದ್ದರಿಂದ ಡಾಕ್ಟರ್ ಯೋಚಿಸಿ ಕೊಡಬೇಕಾಗುತ್ತದೆ. ಅದರ ಹಿಡಿತ ಕಡಿಮೆ ಮಾಡುವ ಬೀಟಾ ಬ್ಲಾಕರ್ ಔಷಧಿಗಳನ್ನು ಬಳಸುವುದೂ ಉಂಟು.

ಆ ಇಬ್ಬರು ಹುಡುಗರನ್ನು ನೆನೆದರೆ ನನಗೆ ಕಳವಳವಾಗುತ್ತದೆ. ಗೆಳೆಯ ಬಿದ್ದಾಗ ಅವರು ಓಡುತ್ತಲೇ ಇದ್ದರು. ಅದು ಅವರ ತಲೆಯಲ್ಲಿ ದಿನಾ ಓಡುತ್ತಿರುತ್ತದೆ, ನಿಮ್ಮ ತಲೆಯಲ್ಲಿ ಆ ಗದರಿಕೆ ಓಡುತ್ತಿರುವ ಹಾಗೆ. ಮೇಲೆ ಬರೆದದ್ದನ್ನು ಅವರಿಬ್ಬರನ್ನೂ ಕೂರಿಸಿಕೊಂಡು ಓದಿ ಹೇಳಿ, ಸಾಧ್ಯವಾದರೆ ಅವರ ಮನೆಯವರೂ ಇರಲಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹುಡುಗರಿಂದ ಮಾಡಿಸುವ ಮೊದಲು ನೀವೇ ಒಮ್ಮೆ ಆ ನಂಬರಿಗೆ ಫೋನ್ ಮಾಡಿ ಮೇಷ್ಟ್ರೇ.

— ಸಂಪಾದಕ